ತಾಮ್ರಕ್ಕೆ ಜಿಐ ಪೈಪ್ ಸೇರಿಸುವಾಗ: ಡೈಎಲೆಕ್ಟ್ರಿಕ್ ಯೂನಿಯನ್ ಸರಿಯಾಗಿ ಹಾಕುವುದು ಹೇಗೆ

ನನ್ನ ಟೂಲ್ ಬಾಕ್ಸ್‌ನಲ್ಲಿ ಗೇಣುದ್ದದ ಒಂದು ಪೈಪ್ ತುಂಡು ಯಾವಾಗಲೂ ಇರುತ್ತದೆ. ಅರ್ಧ ತಾಮ್ರ, ಅರ್ಧ ಜಿಐ. ಒಂದು ಮನೆಯ ಗೀಸರ್ ಲೈನ್‌ನಿಂದ ಕತ್ತರಿಸಿ ತೆಗೆದದ್ದು. ಆಮೇಲೆ ಹ್ಯಾಕ್ಸಾ ಬ್ಲೇಡ್‌ನಲ್ಲಿ ಅದನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದೆ. ತಾಮ್ರದ ಕಡೆ ಒಳಗೆ ನೋಡಿದರೆ ನಿನ್ನೆ ಹಾಕಿದ ಪೈಪ್ ಥರ ಇದೆ. ಜಿಐ ಕಡೆ, ಎರಡೂ ಸೇರುವ ಜಾಗದಲ್ಲಿ, ಕಂದು ಬಣ್ಣದ ತುಕ್ಕು ಹುತ್ತದ ಹಾಗೆ ಬೆಳೆದಿದೆ. ನಡುವೆ ಪೆನ್ಸಿಲ್ ತೂರುವಷ್ಟು ದಾರಿ ಮಾತ್ರ ಉಳಿದಿದೆ. ತುಕ್ಕನ್ನು ಕೆರೆದು ತೆಗೆದರೆ ಮೊದಲ ಮೂರು ನಾಲ್ಕು ಥ್ರೆಡ್ ಇಲ್ಲವೇ ಇಲ್ಲ. ಆದರೆ ಅಲ್ಲಿಂದ ನಾಲ್ಕು ಬೆರಳು ಆಚೆಗೆ ಅದೇ ಜಿಐ ಪೈಪ್‌ನ ಒಳಮೈ ಇನ್ನೂ ಬೂದು ಬಣ್ಣದಲ್ಲಿ, ಸತುವಿನ ಲೇಪ ಸಮೇತ ಚೆನ್ನಾಗಿದೆ.

ಇದನ್ನು ಕೈಗೆ ಕೊಟ್ಟರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಪೈಪ್ ಎಲ್ಲಾ ಚೆನ್ನಾಗಿರುವಾಗ ಇಲ್ಲಿ ಮಾತ್ರ ಯಾಕೆ ಹೀಗಾಯ್ತು? ಡೈಎಲೆಕ್ಟ್ರಿಕ್ ಯೂನಿಯನ್ ಅಂದರೆ ಎರಡು ಲೋಹ ಒಂದಕ್ಕೊಂದು ಮುಟ್ಟದ ಹಾಗೆ ಪೈಪ್ ಸೇರಿಸುವ ಫಿಟ್ಟಿಂಗ್. ಆ ಪ್ರಶ್ನೆಗೆ ಉತ್ತರ ಗೊತ್ತಾದರೆ ಯೂನಿಯನ್ ಹಾಕುವ ಕೆಲಸದ ಪ್ರತಿ ಹೆಜ್ಜೆಗೂ ಕಾರಣ ಗೊತ್ತಾಗುತ್ತದೆ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಪೈಪ್ ಒಳಗೊಂದು ಬ್ಯಾಟರಿ

1800ರಲ್ಲಿ ವೋಲ್ಟಾ ತನ್ನ ಬ್ಯಾಟರಿ ಕಟ್ಟಿದ್ದು ಹೀಗೆ: ಸತುವಿನ ಬಿಲ್ಲೆ, ತಾಮ್ರ ಅಥವಾ ಬೆಳ್ಳಿಯ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ. ಜಿಐ ಪೈಪ್ ಅಂದರೆ ಸತು ಲೇಪಿಸಿದ ಉಕ್ಕು. ಅದಕ್ಕೆ ತಾಮ್ರದ ಪೈಪ್ ಸೇರಿಸಿ ಒಳಗೆ ನೀರು ಬಿಟ್ಟರೆ ನಾವೂ ಅದೇ ಬ್ಯಾಟರಿ ಕಟ್ಟಿದ ಹಾಗೆ. ನಲ್ಲಿ ನೀರಿನಲ್ಲಿ ಕರಗಿರುವ ಉಪ್ಪಿನಂಶ ಕಡಿಮೆ ಇದ್ದರೂ ಕರೆಂಟ್ ಹರಿಯುವುದಕ್ಕೆ ಅಷ್ಟು ಸಾಕು.

ಈ ಬ್ಯಾಟರಿಯಲ್ಲಿ ಸವೆಯುವುದು ಸತು. ಸತು ಮುಗಿದ ಮೇಲೆ ಕೆಳಗಿನ ಉಕ್ಕು. ತಾಮ್ರಕ್ಕೆ ಏನೂ ಆಗುವುದಿಲ್ಲ. ಸತು ಮತ್ತು ತಾಮ್ರದ ನಡುವೆ ಪುಸ್ತಕದ ಲೆಕ್ಕದಲ್ಲಿ 1.1 ವೋಲ್ಟ್ ವ್ಯತ್ಯಾಸ ಇದೆ. ಕಬ್ಬಿಣ ಮತ್ತು ತಾಮ್ರದ ನಡುವೆ 0.78 ವೋಲ್ಟ್. ನಿಜವಾದ ನೀರಿನ ಪೈಪ್‌ನಲ್ಲಿ ಇದಕ್ಕಿಂತ ಕಡಿಮೆ ಸಿಗುತ್ತದೆ, ಆದರೆ ಸೊನ್ನೆ ಆಗುವುದಿಲ್ಲ.

ಇಲ್ಲಿ ಎರಡು ದಾರಿ ಇವೆ ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದು ಲೋಹದ ದಾರಿ. ಪೈಪ್‌ಗೆ ಪೈಪ್ ಮುಟ್ಟುವ ಜಾಗದಲ್ಲಿ ಎಲೆಕ್ಟ್ರಾನ್‌ಗಳು ಇದರಲ್ಲಿ ಓಡಾಡುತ್ತವೆ. ಇನ್ನೊಂದು ನೀರಿನ ದಾರಿ. ಕರೆಂಟ್ ಸುತ್ತು ಪೂರ್ತಿಯಾಗಬೇಕಾದರೆ ಎರಡೂ ಬೇಕು. ಒಂದನ್ನು ಕಡಿದರೂ ಬ್ಯಾಟರಿ ನಿಂತಿತು. ನೀರು ಹರಿಯಲೇಬೇಕಲ್ವಾ, ಅದನ್ನು ಕಡಿಯುವ ಹಾಗಿಲ್ಲ. ಹಾಗಾಗಿ ಡೈಎಲೆಕ್ಟ್ರಿಕ್ ಯೂನಿಯನ್ ಲೋಹದ ದಾರಿಯನ್ನು ಕಡಿಯುತ್ತದೆ. ಅದು ಮಾಡುವ ಕೆಲಸ ಇಷ್ಟೇ.

ಸೇರುವ ಜಾಗದಲ್ಲೇ ಯಾಕೆ ಹಾಳಾಗುತ್ತದೆ ಅಂದರೆ, ನೀರಿನ ದಾರಿ ಅಲ್ಲಿ ಅತಿ ಚಿಕ್ಕದು. ದೂರ ಹೋದಷ್ಟೂ ನೀರಿನ ತಡೆ ಜಾಸ್ತಿ. ಕರೆಂಟ್ ಹತ್ತಿರದ ಒಂದೆರಡು ಬೆರಳಗಲದಲ್ಲೇ ಮುಗಿದುಹೋಗುತ್ತದೆ. ಜೊತೆಗೆ ಆ ಜಾಗವೇ ಪೈಪ್‌ನ ಅತಿ ಬಡಕಲು ಭಾಗ. ಅರ್ಧ ಇಂಚಿನ ಜಿಐ ಪೈಪ್‌ನ ಗೋಡೆ ಸುಮಾರು 2.6ರಿಂದ 2.8 ಮಿ.ಮೀ. ದಪ್ಪ ಇರುತ್ತದೆ. ಥ್ರೆಡ್ ಹೊಡೆದಾಗ ಅದರಲ್ಲಿ ಸುಮಾರು ಅರ್ಧ ಹೋಗುತ್ತದೆ. ಥ್ರೆಡ್ ಹೊಡೆದ ಜಾಗದಲ್ಲಿ ಸತುವಿನ ಲೇಪವೂ ಕಿತ್ತುಹೋಗಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಹರಿಯುವ ಕರೆಂಟ್ ಬರೀ 0.2 ಮಿಲಿಆಂಪ್ ಅಂದುಕೊಳ್ಳಿ. ಒಂದು ವರ್ಷ ಬಿಡದೆ ಹರಿದರೆ ಸುಮಾರು 1.8 ಗ್ರಾಂ ಕಬ್ಬಿಣ ಕರಗುತ್ತದೆ. ಇಡೀ ಪೈಪ್‌ಗೆ ಹಂಚಿದರೆ ಅದು ಏನೂ ಅಲ್ಲ. ಆದರೆ ಅದೆಲ್ಲಾ ಸೇರುವ ತುದಿಯ ಒಂದು ಸೆಂಟಿಮೀಟರ್ ಅಗಲದ ಪಟ್ಟಿಯಿಂದಲೇ ಹೋದರೆ? ಆ ಪಟ್ಟಿಯ ಒಳಮೈ ಸುಮಾರು 5 ಚದರ ಸೆಂಟಿಮೀಟರ್. ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧ ಮಿ.ಮೀ. ಸವೆಯುತ್ತದೆ. ಥ್ರೆಡ್ ಕೆಳಗೆ ಉಳಿದಿರುವುದೇ ಒಂದೂಕಾಲು, ಒಂದೂವರೆ ಮಿ.ಮೀ. ಅಂದರೆ ಮೂರು ವರ್ಷದಲ್ಲಿ ತೂತು. ಸವೆತ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ, ಹಾಗಾಗಿ ಅದಕ್ಕೂ ಮುಂಚೆ ಎಲ್ಲೋ ಒಂದು ಕಡೆ ನೀರು ಜಿನುಗಲು ಶುರುವಾಗುತ್ತದೆ.

ಯೂನಿಯನ್ ಬಿಚ್ಚಿ ನೋಡಿ

ಹಾಕುವ ಮುಂಚೆ ಯೂನಿಯನ್ ಅನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಇಡಿ. ಒಳಗೆ ಐದು ಭಾಗ ಸಿಗುತ್ತವೆ. ಒಳ ಥ್ರೆಡ್ ಇರುವ ಉಕ್ಕಿನ ಅರ್ಧ, ಇದು ಜಿಐ ಕಡೆಗೆ. ಬೆಸುಗೆ ಹಾಕುವ ಬಾಯಿ ಇರುವ ತಾಮ್ರ ಅಥವಾ ಹಿತ್ತಾಳೆಯ ಅರ್ಧ, ಇದು ತಾಮ್ರದ ಕಡೆಗೆ. ಎರಡನ್ನೂ ಬಿಗಿಯುವ ದೊಡ್ಡ ನಟ್. ಎರಡರ ಮುಖದ ನಡುವೆ ಕೂರುವ ರಬ್ಬರ್ ವಾಷರ್. ಕೊನೆಯದು ಒಂದು ಸಣ್ಣ ಪ್ಲಾಸ್ಟಿಕ್ ಬಳೆ.

ಈ ಪ್ಲಾಸ್ಟಿಕ್ ಬಳೆಯನ್ನು ಜನ ಪ್ಯಾಕಿಂಗ್ ಅಂದುಕೊಂಡು ಎಸೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಟ್ ಉಕ್ಕಿನ ಅರ್ಧದ ಮೇಲೆ ತಿರುಗಿ ಕೂರುತ್ತದೆ, ಅಂದರೆ ಅದು ಉಕ್ಕಿಗೆ ಮುಟ್ಟಿಕೊಂಡೇ ಇರುತ್ತದೆ. ಅದೇ ನಟ್‌ನ ಒಳ ಅಂಚು ಇನ್ನೊಂದು ಕಡೆ ತಾಮ್ರದ ಭಾಗದ ಭುಜವನ್ನು ಹಿಡಿದು ಎಳೆಯುತ್ತದೆ. ನಡುವೆ ಬಳೆ ಇಲ್ಲದಿದ್ದರೆ ನಟ್ ಮೂಲಕವೇ ಉಕ್ಕು ತಾಮ್ರಕ್ಕೆ ಮುಟ್ಟಿತು. ನೀರು ಸೋರುವುದಿಲ್ಲ, ನೋಡುವುದಕ್ಕೂ ಎಲ್ಲಾ ಸರಿ ಇರುತ್ತದೆ. ಆದರೆ ಯೂನಿಯನ್ ಹಾಕಿಯೂ ಪ್ರಯೋಜನ ಇಲ್ಲ.

ಸಾಮಾನ್ಯ ಹಿತ್ತಾಳೆ ಯೂನಿಯನ್ ನೋಡುವುದಕ್ಕೆ ಇದರ ಥರವೇ ಇರುತ್ತದೆ. ಅದರಲ್ಲಿ ಲೋಹಕ್ಕೆ ಲೋಹ ಮುಟ್ಟುತ್ತದೆ. ವಾಷರ್ ಮತ್ತು ಬಳೆ ಎರಡೂ ಇದ್ದರೆ ಮಾತ್ರ ಅದು ಡೈಎಲೆಕ್ಟ್ರಿಕ್ ಯೂನಿಯನ್. ಇನ್ನೊಂದು ಮಾತು, ಟೆಫ್ಲಾನ್ ಟೇಪ್ ಸುತ್ತಿದರೆ ಸಾಕು ಅಂತ ಹೇಳುವವರು ಇದ್ದಾರೆ. ಸಾಲದು. ಬಿಗಿಯುವಾಗ ಥ್ರೆಡ್‌ನ ಏಣು ಟೇಪನ್ನು ಕತ್ತರಿಸಿಕೊಂಡು ಹೋಗಿ ಲೋಹಕ್ಕೆ ಮುಟ್ಟುತ್ತದೆ. ಟೇಪ್ ನೀರು ತಡೆಯುವುದಕ್ಕೆ ಮಾತ್ರ.

ಮಲ್ಟಿಮೀಟರ್ ಇದ್ದರೆ ಈಗಲೇ ಒಂದು ಪರೀಕ್ಷೆ ಮಾಡಿ. ಯೂನಿಯನ್ ಅನ್ನು ಮತ್ತೆ ಜೋಡಿಸಿ, ಕೈಯಲ್ಲಿ ಬಿಗಿ ಮಾಡಿ, ಮೀಟರ್ ಅನ್ನು ಓಮ್‌ಗೆ ಇಟ್ಟು ಎರಡು ತುದಿಗೂ ಕಡ್ಡಿ ಮುಟ್ಟಿಸಿ. ಮೀಟರ್ ಏನೂ ತೋರಿಸಬಾರದು, ಅಂದರೆ ದಾರಿ ಕಡಿದಿದೆ. ಒಂದೆರಡು ಓಮ್ ತೋರಿಸಿದರೆ ಬಳೆ ಸರಿಯಾಗಿ ಕೂತಿಲ್ಲ.

ಕತ್ತರಿಸುವ ಮುಂಚೆ ನೋಡಬೇಕಾದ ಎರಡು ವಿಷಯ

ಮೊದಲನೆಯದು ಅರ್ಥಿಂಗ್. ಹಳೆಯ ಕಟ್ಟಡಗಳಲ್ಲಿ ಕರೆಂಟ್ ಅರ್ಥಿಂಗ್ ತಂತಿಯನ್ನು ನೀರಿನ ಲೋಹದ ಪೈಪ್‌ಗೆ ಕ್ಲಾಂಪ್ ಹಾಕಿ ಕಟ್ಟಿರುತ್ತಾರೆ. ನೀವು ನಡುವೆ ಡೈಎಲೆಕ್ಟ್ರಿಕ್ ಯೂನಿಯನ್ ಹಾಕಿದರೆ ಆ ಅರ್ಥಿಂಗ್ ಅಲ್ಲಿಗೇ ಕಡಿದುಹೋಗುತ್ತದೆ. ಯಾವತ್ತೋ ಗೀಸರ್‌ನಲ್ಲಿ ಶಾರ್ಟ್ ಆದರೆ ನಲ್ಲಿಗೆ ಕರೆಂಟ್ ಬರಬಹುದು. ಬರೀ ಪೈಪ್ ಬಿಚ್ಚುವುದೂ ಅಪಾಯ. ಪೈಪ್‌ನಲ್ಲಿ ಲೀಕ್ ಆಗುವ ಕರೆಂಟ್ ಹರಿಯುತ್ತಿದ್ದರೆ, ಕತ್ತರಿಸಿದ ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದಾಗ ಅದು ನಿಮ್ಮ ಮೂಲಕ ಹರಿಯುತ್ತದೆ.

ಹಾಗಾಗಿ ಪೈಪ್ ಉದ್ದಕ್ಕೂ ಕಣ್ಣಾಡಿಸಿ. ಎಲ್ಲಾದರೂ ತಂತಿ ಕಟ್ಟಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಅರ್ಥಿಂಗ್ ಅನ್ನು ನೀರಿನ ಪೈಪ್ ನಂಬಿಕೊಳ್ಳದ ಹಾಗೆ ಸರಿಪಡಿಸಿದ ಮೇಲೆ ಮುಂದಿನ ಕೆಲಸ. ಕೆಲಸ ಮಾಡುವಾಗ ಗೀಸರ್‌ನ ಕರೆಂಟ್ ಮೇನ್‌ನಲ್ಲೇ ಆಫ್ ಇರಲಿ. ಎರಡು ಪೈಪನ್ನೂ ಅರ್ಥಿಂಗ್ ತಂತಿಯಿಂದ ಕೂಡಿಸಲೇಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿದರೆ ಅವರ ಮಾತೇ ನಡೆಯಬೇಕು. ಆಗ ಪೈಪ್ ಉಳಿಸುವುದು ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಎರಡನೆಯದು ನೀರು ಹರಿಯುವ ದಿಕ್ಕು. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ನೀರು ಮೊದಲು ಜಿಐ, ಆಮೇಲೆ ತಾಮ್ರ ದಾಟುವುದು ಸರಿಯಾದ ಕ್ರಮ. ಮೊದಲು ತಾಮ್ರ, ಆಮೇಲೆ ಜಿಐ ಅಂತ ಇದ್ದರೆ ಯೂನಿಯನ್ ನಿಮ್ಮನ್ನು ಕಾಪಾಡುವುದಿಲ್ಲ. ತಾಮ್ರದ ಪೈಪ್‌ನಿಂದ ತೀರಾ ಸ್ವಲ್ಪ ತಾಮ್ರ ನೀರಿನಲ್ಲಿ ಕರಗುತ್ತಲೇ ಇರುತ್ತದೆ. ಆ ನೀರು ಮುಂದೆ ಜಿಐ ಪೈಪ್ ಮುಟ್ಟಿದಾಗ ತಾಮ್ರ ಸತುವಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂರುತ್ತದೆ. ಪ್ರತಿ ಚುಕ್ಕಿಯೂ ಸುತ್ತಲಿನ ಸತುವಿನ ಜೊತೆ ಸೇರಿ ಒಂದೊಂದು ಪುಟಾಣಿ ಬ್ಯಾಟರಿ. ಇಲ್ಲಿ ತಾಮ್ರ ನೀರಿನಲ್ಲೇ ಬರುತ್ತಿದೆ, ಲೋಹದ ದಾರಿ ಕಡಿದು ಏನು ಉಪಯೋಗ? ಇಂಥ ಕಡೆ ಸೇರುವ ಜಾಗದಲ್ಲಿ ಮಾತ್ರ ಅಲ್ಲ, ಜಿಐ ಉದ್ದಕ್ಕೂ ಅಲ್ಲಲ್ಲಿ ಗುಳಿ ಬೀಳುತ್ತದೆ.

ನಿಮ್ಮ ಲೈನ್‌ನಲ್ಲಿ ಹೀಗೆ ಇದ್ದರೆ ತಾಮ್ರದಿಂದ ಮುಂದಿನ ಜಿಐ ಭಾಗವನ್ನು ಬದಲಾಯಿಸುವುದೇ ಸರಿ. ಬಿಸಿನೀರು ಸುತ್ತಿ ಸುತ್ತಿ ಬರುವ ಲೈನ್‌ನಲ್ಲಂತೂ ಎರಡನ್ನೂ ಸೇರಿಸಲೇಬೇಡಿ. ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಮಾತೇ ಇಲ್ಲ, ಅದೇ ನೀರು ಮತ್ತೆ ಮತ್ತೆ ಬರುತ್ತದೆ.

ಹಾಕುವ ಕ್ರಮ

ಹಿಂದಿನ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ತೆರೆದು ಪೈಪ್ ಪೂರ್ತಿ ಖಾಲಿ ಮಾಡಿ. ಗೀಸರ್ ಹತ್ತಿರದ ಕೆಲಸವಾದರೆ ನೀರು ತಣ್ಣಗಾಗುವವರೆಗೆ ಕಾಯಿರಿ.

ಹಳೆಯ ಜಾಯಿಂಟ್ ಬಿಚ್ಚುವಾಗ ಎರಡು ಪೈಪ್ ರೆಂಚ್ ಬೇಕು. ಒಂದು ಜಿಐ ಪೈಪನ್ನು ಹಿಡಿದಿಟ್ಟುಕೊಳ್ಳುವುದಕ್ಕೆ, ಒಂದು ತಿರುಗಿಸುವುದಕ್ಕೆ. ಒಂದೇ ರೆಂಚ್‌ನಲ್ಲಿ ತಿರುಗಿಸಿದರೆ ಬಲ ಎಲ್ಲಾ ಗೋಡೆಯೊಳಗಿನ ಇನ್ನೊಂದು ಜಾಯಿಂಟ್‌ಗೆ ಹೋಗುತ್ತದೆ. ಹಳೆಯ ಜಿಐ ಅಲ್ಲೇ ಮುರಿದರೆ ಗೋಡೆ ಒಡೆಯಬೇಕಾಗುತ್ತದೆ. ತುಕ್ಕು ಹಿಡಿದು ಬಿಚ್ಚಲು ಬರದಿದ್ದರೆ ಹಟ ಹಿಡಿಯಬೇಡಿ, ತಾಮ್ರದ ಕಡೆ ಕತ್ತರಿಸಿ, ಆಮೇಲೆ ಫಿಟ್ಟಿಂಗ್ ತೆಗೆಯಿರಿ.

ಈಗ ಜಿಐ ತುದಿಯನ್ನು ಚೆನ್ನಾಗಿ ನೋಡಿ. ತಂತಿ ಬ್ರಷ್‌ನಿಂದ ಉಜ್ಜಿ, ಟಾರ್ಚ್ ಹಾಕಿ ಒಳಗೆ ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ಥ್ರೆಡ್ ಅನ್ನು ಒತ್ತಿ ನೋಡಿ. ಪುಡಿಯಾಗಿ ಉದುರಿದರೆ ಅದರ ಮೇಲೆ ಹೊಸ ಯೂನಿಯನ್ ಕೂರಿಸಿ ಉಪಯೋಗವಿಲ್ಲ. ಆ ತುಂಡನ್ನೇ ಹಿಂದಿನ ಸಾಕೆಟ್ ಅಥವಾ ಎಲ್ಬೋ ತನಕ ತೆಗೆದು ಹೊಸ ಜಿಐ ನಿಪ್ಪಲ್ ಹಾಕಿ. ನನ್ನ ಅನುಭವದಲ್ಲಿ ಐದು ವರ್ಷ ದಾಟಿದ ಜಾಯಿಂಟ್ ಆದರೆ ಹೆಚ್ಚಿನ ಸಲ ಹೊಸ ನಿಪ್ಪಲ್ ಬೇಕೇ ಬೇಕಾಗುತ್ತದೆ. ಮೊದಲೇ ತಂದಿಟ್ಟುಕೊಂಡರೆ ಒಳ್ಳೆಯದು.

ಯೂನಿಯನ್ ಕೊಳ್ಳುವಾಗಲೇ ಥ್ರೆಡ್ ಹೊಂದುತ್ತದೆಯೇ ನೋಡಿ. ಪ್ರಪಂಚದಲ್ಲಿ ಪೈಪ್ ಥ್ರೆಡ್‌ನಲ್ಲಿ ಎರಡು ಮುಖ್ಯ ಪದ್ಧತಿ ಇವೆ. ಒಂದು ಬ್ರಿಟಿಷ್, ಒಂದು ಅಮೆರಿಕನ್. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್. ಆದ್ದರಿಂದ ಒಂದರ ಮೇಲೆ ಇನ್ನೊಂದು ಒಂದೆರಡು ಸುತ್ತು ತಿರುಗಿ ಹೊಂದಿತು ಅನ್ನಿಸುತ್ತದೆ. ಆದರೆ ಥ್ರೆಡ್‌ನ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಎಷ್ಟು ಟೇಪ್ ಸುತ್ತಿದರೂ ಜಿನುಗುವುದು ನಿಲ್ಲುವುದಿಲ್ಲ.

ಉಕ್ಕಿನ ಅರ್ಧವನ್ನು ಜಿಐ ಕಡೆಗೆ ಹಾಕಿ. ಟೇಪ್ ಸುತ್ತಿ, ಮತ್ತೆ ಎರಡು ರೆಂಚ್ ಉಪಯೋಗಿಸಿ ಬಿಗಿ ಮಾಡಿ. ತಲೆಕೆಳಗಾಗಿ ಹಾಕುವ ತಪ್ಪೂ ಆಗುತ್ತದೆ. ಎರಡು ತುದಿಗೂ ಥ್ರೆಡ್ ಇರುವ ಯೂನಿಯನ್‌ನಲ್ಲಿ ಹಿತ್ತಾಳೆ ಅರ್ಧ ಜಿಐಗೆ, ಉಕ್ಕಿನ ಅರ್ಧ ತಾಮ್ರಕ್ಕೆ ಹಾಕಿಬಿಟ್ಟರೆ ಒಂದು ಜಾಯಿಂಟ್ ಬದಲು ಎರಡು ಹಾಳು ಜಾಯಿಂಟ್ ಆಗುತ್ತವೆ. ಉಕ್ಕು ಉಕ್ಕಿಗೆ, ಹಿತ್ತಾಳೆ ತಾಮ್ರಕ್ಕೆ.

ಮುಂದಿನದು ಬೆಸುಗೆ. ಹಾಳಾಗುವ ಯೂನಿಯನ್‌ಗಳಲ್ಲಿ ಬಹಳಷ್ಟು ಹಾಳಾಗುವುದು ಇಲ್ಲಿ. ಬೆಸುಗೆಯ ಬಿಸಿ 200 ಡಿಗ್ರಿ ದಾಟುತ್ತದೆ. ರಬ್ಬರ್ ವಾಷರ್ ಮತ್ತು ಪ್ಲಾಸ್ಟಿಕ್ ಬಳೆ ಅಷ್ಟು ಬಿಸಿ ತಡೆಯುವುದಿಲ್ಲ. ಹಾಗಾಗಿ ಯೂನಿಯನ್ ಬಿಚ್ಚಿಟ್ಟುಕೊಂಡು, ತಾಮ್ರದ ಅರ್ಧವನ್ನು ಮಾತ್ರ ಪೈಪ್‌ಗೆ ಬೆಸುಗೆ ಹಾಕಿ. ಆದರೆ ಅದಕ್ಕೂ ಮುಂಚೆ ನಟ್ ಅನ್ನು ಪೈಪ್ ಮೇಲೆ ತೂರಿಸಿಕೊಳ್ಳಿ, ಥ್ರೆಡ್ ಯೂನಿಯನ್ ಕಡೆಗೆ ಮುಖ ಮಾಡಿರಲಿ. ಬಳೆ ಒಂದು ಕಡೆ ಸೀಳಿದ್ದರೆ ಆಮೇಲೆ ಹಾಕಬಹುದು. ಸೀಳಿಲ್ಲದಿದ್ದರೆ ನಟ್ ಆದಮೇಲೆ ಅದನ್ನೂ ಈಗಲೇ ತೂರಿಸಿ. ಎರಡನ್ನೂ ಪೈಪ್ ಮೇಲೆ ಒಂದು ಮೊಳ ಹಿಂದಕ್ಕೆ ಸರಿಸಿ, ನಡುವೆ ಒದ್ದೆ ಬಟ್ಟೆ ಸುತ್ತಿ. ಚೆನ್ನಾಗಿ ಬೆಸುಗೆ ಹಾಕಿ, ನಟ್ ಕೈಯಲ್ಲಿದೆ ಅಂತ ಆಮೇಲೆ ನೆನಪಾದರೆ ಅಷ್ಟೂ ಕೆಲಸ ಮತ್ತೆ ಮಾಡಬೇಕು.

ತಾಮ್ರದ ತುದಿಯನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ. ಫಿಟ್ಟಿಂಗ್ ಒಳಗೂ ಉಜ್ಜಿ. ಫ್ಲಕ್ಸ್ ತೆಳ್ಳಗೆ ಹಚ್ಚಿ ಬೆಸುಗೆ ಹಾಕಿ. ಕೈಯಲ್ಲಿ ಆರಾಮಾಗಿ ಮುಟ್ಟುವಷ್ಟು ತಣ್ಣಗಾಗುವವರೆಗೆ ಕಾಯಿರಿ. ಆಮೇಲೆ ವಾಷರ್ ಕೂರುವ ಮುಖವನ್ನು ಒರೆಸಿ. ಅಲ್ಲಿ ಬೆಸುಗೆಯ ಒಂದು ಹನಿ ಅಂಟಿಕೊಂಡಿದ್ದರೂ ವಾಷರ್ ಸರಿಯಾಗಿ ಕೂರುವುದಿಲ್ಲ.

ಈಗ ಬಳೆ, ವಾಷರ್ ಇಟ್ಟು ಎರಡು ಮುಖ ಸೇರಿಸಿ. ಎರಡು ಪೈಪ್ ನೇರವಾಗಿ, ಎದುರುಬದುರಾಗಿ ಇರಬೇಕು. ಎಳೆದು ಹೊಂದಿಸಿ ನಟ್ ಹಾಕಿದರೆ ಪೈಪ್‌ನ ಎಳೆತ ಎಲ್ಲಾ ವಾಷರ್‌ನ ಒಂದು ಅಂಚಿಗೆ ಬೀಳುತ್ತದೆ. ಒಂದು ಅಂಚು ತೆಳ್ಳಗಾಗಿ ಲೋಹ ಲೋಹಕ್ಕೆ ಮುಟ್ಟಬಹುದು. ನಟ್ ಅನ್ನು ಮೊದಲು ಕೈಯಲ್ಲಿ ಪೂರ್ತಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತಿನಿಂದ ಅರ್ಧ ಸುತ್ತು ಸಾಕು. ಇಲ್ಲಿ ನೀರು ತಡೆಯುವುದು ರಬ್ಬರ್. ತುಂಬಾ ಬಿಗಿದರೆ ರಬ್ಬರ್ ಹಿಂಡಿ ಹೊರಗೆ ಬರುತ್ತದೆ, ಬಳೆ ಸೀಳುತ್ತದೆ.

ನೀರು ಬಿಡುವ ಮುಂಚೆ ಮೀಟರ್ ಹಾಕಿ. ಜಿಐ ಪೈಪ್ ಮೇಲೆ ಒಂದು ಕಡ್ಡಿ, ತಾಮ್ರದ ಮೇಲೆ ಇನ್ನೊಂದು. ಎರಡು ಕಡೆಯೂ ಮೊದಲು ಮೈಯನ್ನು ಕೆರೆದು ಹೊಳಪು ಬರಿಸಿ, ಇಲ್ಲದಿದ್ದರೆ ಕೊಳೆಯೇ ತಡೆಯಾಗಿ ನಿಮಗೆ ಸುಳ್ಳು ಸಮಾಧಾನ ಸಿಗುತ್ತದೆ. ಪೈಪ್ ಒಳಗೆ ಸ್ವಲ್ಪ ತೇವ ಇರುವುದರಿಂದ ಸಾವಿರಾರು ಓಮ್ ತೋರಿಸಿದರೆ ಚಿಂತೆ ಇಲ್ಲ. ಒಂದೋ ಎರಡೋ ಓಮ್ ತೋರಿಸಿದರೆ ಎಲ್ಲೋ ಲೋಹ ಮುಟ್ಟುತ್ತಿದೆ. ಆ ಜಾಗ ಯೂನಿಯನ್ ಒಳಗೇ ಇರಬೇಕು ಅಂತ ಏನೂ ಇಲ್ಲ.

ಆ ಪೈಪ್ ತುಂಡಿನ ಮನೆಯಲ್ಲಿ ಆಗಿದ್ದು

ಶುರುವಿನಲ್ಲಿ ಹೇಳಿದ ಪೈಪ್ ತುಂಡಿನ ಮನೆಗೆ ಮತ್ತೆ ಹೋಗೋಣ. ಮುಕ್ಕಾಲು ಇಂಚಿನ ಜಿಐ ಲೈನ್ ಮೇಲಿನಿಂದ ಇಳಿದು, ಅರ್ಧ ಇಂಚಿಗೆ ಇಳಿಸಿ, ಅಲ್ಲಿಂದ ತಾಮ್ರದ ಪೈಪ್ ಗೀಸರ್‌ಗೆ ಹೋಗುತ್ತಿತ್ತು. ದಿಕ್ಕು ಸರಿಯಾಗಿಯೇ ಇತ್ತು. ಹಾಳಾದ ಜಾಯಿಂಟ್ ತೆಗೆದು ನಾನೇ ಡೈಎಲೆಕ್ಟ್ರಿಕ್ ಯೂನಿಯನ್ ಹಾಕಿ ಬಂದೆ. ಎರಡು ವರ್ಷ ತುಂಬುವುದರೊಳಗೆ ಆ ಮನೆಯವರು ಫೋನ್ ಮಾಡಿದರು. "ಅಣ್ಣಾ, ಅದೇ ಜಾಗದಲ್ಲಿ ಮತ್ತೆ ಬಿಳಿ ಪುಡಿ ಬರ್ತಾ ಇದೆ" ಅಂದರು.

ಹೋಗಿ ನೋಡಿದೆ. ಯೂನಿಯನ್‌ನ ಉಕ್ಕಿನ ಕಡೆ ಸುಣ್ಣದಂಥ ಬಿಳಿ ಹೊಟ್ಟು ಕಟ್ಟಿತ್ತು, ಕೆಳಗೆ ಕೆಂಪು ಕಲೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಯೂನಿಯನ್‌ನ ಎರಡು ಕಡೆ ಮುಟ್ಟಿಸಿದೆ. ಸೊನ್ನೆ ತೋರಿಸಿತು. ಪೈಪ್‌ನಲ್ಲಿ ನೀರಿದೆ, ಒಂದು ಕಡೆ ತಾಮ್ರ, ಒಂದು ಕಡೆ ಜಿಐ. ದಾರಿ ಕಡಿದಿದ್ದರೆ ಬ್ಯಾಟರಿಯ ವೋಲ್ಟೇಜ್ ಕಾಣಬೇಕಿತ್ತು. ಸೊನ್ನೆ ಅಂದರೆ ಎರಡೂ ಎಲ್ಲೋ ಕೂಡಿವೆ.

ಯೂನಿಯನ್ ಬಿಚ್ಚಿದೆ. ವಾಷರ್ ಚೆನ್ನಾಗಿತ್ತು, ಬಳೆ ಚೆನ್ನಾಗಿತ್ತು. ಆಮೇಲೆ ಗೋಡೆ ನೋಡಿದೆ. ಯೂನಿಯನ್‌ನಿಂದ ಒಂದು ಅಡಿ ಕೆಳಗೆ ತಾಮ್ರದ ಪೈಪ್, ಪಕ್ಕದಲ್ಲಿ ಇಳಿಯುವ ಇನ್ನೊಂದು ಜಿಐ ಪೈಪ್, ಎರಡನ್ನೂ ಒಂದೇ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಆ ಜಿಐ ಪೈಪ್ ಮೇಲೆ ಅದೇ ಲೈನ್‌ಗೆ ಸೇರುತ್ತಿತ್ತು. ಯೂನಿಯನ್ ಕಡಿದಿದ್ದನ್ನು ಆ ಪಟ್ಟಿ ಕೂಡಿಸುತ್ತಿತ್ತು. ಮೊದಲ ಸಲವೇ ಸುತ್ತಮುತ್ತ ನೋಡಬೇಕಿತ್ತು, ನಾನು ಯೂನಿಯನ್ ಮಾತ್ರ ನೋಡಿದ್ದೆ.

ಪಟ್ಟಿ ತೆಗೆದು ಎರಡಕ್ಕೂ ಬೇರೆ ಬೇರೆ ಪ್ಲಾಸ್ಟಿಕ್ ಕ್ಲಾಂಪ್ ಹಾಕಿದೆ. ನಿಪ್ಪಲ್, ಯೂನಿಯನ್ ಎರಡೂ ಹೊಸದು ಹಾಕಿ, ನೀರು ತುಂಬಿಸಿ ಮತ್ತೆ ಅಳೆದೆ. 0.45 ವೋಲ್ಟ್ ಬಂತು. ತುಕ್ಕು ಹಿಡಿದ ಹಳೆಯ ಜಿಐ ಲೈನ್ ಮತ್ತು ತಾಮ್ರದ ನಡುವೆ ಇಷ್ಟು ಬಂದರೆ ಸರಿ. ಹೊಸ ಜಿಐ ಆದರೆ ಇನ್ನೂ ಜಾಸ್ತಿ ಬರುತ್ತದೆ. ಈ ವೋಲ್ಟೇಜ್ ಕಂಡು ಕೆಲವರು ಹೆದರುತ್ತಾರೆ. ಹೆದರಬೇಡಿ. ಬ್ಯಾಟರಿಯನ್ನು ಯಾವುದಕ್ಕೂ ಕೂಡಿಸದೆ ಇಟ್ಟರೆ ಅದರ ವೋಲ್ಟೇಜ್ ಪೂರ್ತಿ ಕಾಣುತ್ತದೆ, ಕರೆಂಟ್ ಹರಿಯುವುದಿಲ್ಲ. ಇಲ್ಲೂ ಅಷ್ಟೇ. ವೋಲ್ಟೇಜ್ ಕಾಣುತ್ತಿರುವುದೇ ಯೂನಿಯನ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಗುರುತು.

ಗೀಸರ್‌ನಲ್ಲಿ ಇದೇ ತೊಂದರೆಯ ಇನ್ನೊಂದು ರೂಪ ಇದೆ. ಗೀಸರ್‌ನ ಉಕ್ಕಿನ ಟ್ಯಾಂಕ್‌ಗೆ ತಣ್ಣೀರು ಮತ್ತು ಬಿಸಿನೀರು ಎರಡೂ ತಾಮ್ರದಲ್ಲಿ ಬರುತ್ತವೆ ಅಂದುಕೊಳ್ಳಿ. ಬಿಸಿನೀರಿನ ಕಡೆ ಮಾತ್ರ ಯೂನಿಯನ್ ಹಾಕಿದರೆ ತಣ್ಣೀರಿನ ಪೈಪ್, ಮಿಕ್ಸರ್ ನಲ್ಲಿ ಮೂಲಕ ಲೋಹದ ದಾರಿ ಹಾಗೇ ಉಳಿಯುತ್ತದೆ. ಎರಡು ಕಡೆಗೂ ಹಾಕಬೇಕು.

ದಾರಿ ಕಡಿಯಲು ಆಗದೇ ಇದ್ದಾಗ

ಅರ್ಥಿಂಗ್ ತಂತಿ ಎರಡು ಪೈಪನ್ನೂ ಕೂಡಿಸಲೇಬೇಕಾದ ಕಡೆ ಲೋಹದ ದಾರಿ ಕಡಿಯುವ ಮಾತು ಬಿಡಬೇಕು. ಆಗ ಯೂನಿಯನ್ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕಾರಣ ಇಷ್ಟೇ, ಅದರ ವಾಷರ್ ದಪ್ಪ ಬರೀ 3 ಮಿ.ಮೀ. ಆಸುಪಾಸು. ತಂತಿಯ ಮೂಲಕ ಲೋಹದ ದಾರಿ ಸಿಕ್ಕರೆ, ಆ 3 ಮಿ.ಮೀ. ನೀರು ಕರೆಂಟ್‌ಗೆ ದೊಡ್ಡ ತಡೆಯೇ ಅಲ್ಲ.

ಉಳಿದಿರುವುದು ನೀರಿನ ದಾರಿ. ಅದನ್ನು ಕಡಿಯಲು ಆಗದಿದ್ದರೂ ಉದ್ದ ಮಾಡಬಹುದು. ಅರ್ಧ ಇಂಚಿನ ಪೈಪ್, ಸಾಧಾರಣ ಉಪ್ಪಿನಂಶದ ನೀರು ಅಂತ ಇಟ್ಟುಕೊಂಡರೆ 3 ಮಿ.ಮೀ. ನೀರಿನ ತಡೆ ಸುಮಾರು 300 ಓಮ್. ಅದೇ ಜಾಗದಲ್ಲಿ 30 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಪೈಪ್ ಹಾಕಿದರೆ ತಡೆ ಸುಮಾರು 30,000 ಓಮ್. ನೂರು ಪಟ್ಟು. ಅರ್ಧ ವೋಲ್ಟ್‌ಗೆ ಹರಿಯುವ ಕರೆಂಟ್ 0.02 ಮಿಲಿಆಂಪ್ ಕೂಡ ದಾಟುವುದಿಲ್ಲ. ಮೂರು ವರ್ಷದಲ್ಲಿ ತೂತಾಗುವ ಪೈಪ್‌ಗೆ ಇದು ದೊಡ್ಡ ಆಯಸ್ಸು. ಬಿಸಿನೀರಿನ ಕಡೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪ್ ಆರಿಸಿ. ಅರ್ಥಿಂಗ್ ತಂತಿ ಪ್ಲಾಸ್ಟಿಕ್ ತುಂಡನ್ನು ದಾಟಿ ಎರಡು ಕಡೆಯ ಲೋಹಕ್ಕೂ ಕೂಡಿರಲಿ.

ಒಳಗೆ ಪ್ಲಾಸ್ಟಿಕ್ ಅಸ್ತರಿ ಇರುವ ಉಕ್ಕಿನ ನಿಪ್ಪಲ್ ಕೂಡ ಸಿಗುತ್ತದೆ, ಅದೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಒಂದು ಗೇಣು ಹಿತ್ತಾಳೆ ನಿಪ್ಪಲ್ ಹಾಕುವವರೂ ಇದ್ದಾರೆ. ಹಿತ್ತಾಳೆ ಕರೆಂಟ್ ತಡೆಯುವುದಿಲ್ಲ, ಅದೂ ತಾಮ್ರದ ಬಳಗದ್ದೇ. ಬರೀ ತಾಮ್ರ ಹಚ್ಚುವುದಕ್ಕಿಂತ ಸ್ವಲ್ಪ ಮೇಲು ಅನ್ನಬಹುದು ಅಷ್ಟೇ. ಉಪ್ಪಿನಂಶ ಜಾಸ್ತಿ ಇರುವ ನೀರಿಗೆ ನಾನು ಅದನ್ನು ಹಾಕುವುದಿಲ್ಲ.

ಹಾಕಿದ ಮೇಲೆ

ನೀರು ಬಿಟ್ಟು ಒಂದು ಗಂಟೆ ಬಿಟ್ಟು ಒಣ ಟಿಶ್ಯೂ ಪೇಪರ್‌ನಿಂದ ಯೂನಿಯನ್ ಸುತ್ತ ಒರೆಸಿ ನೋಡಿ. ಕಣ್ಣಿಗೆ ಕಾಣದ ತೇವ ಪೇಪರ್‌ನಲ್ಲಿ ಕಾಣುತ್ತದೆ. ಜಿನುಗಿದರೆ ನಟ್ ಒಂದು ಚೂರು ಬಿಗಿ ಮಾಡಿ. ಬಿಸಿನೀರಿನ ಲೈನ್ ಆದರೆ ಬಿಸಿ ಮಾಡಿ ತಣ್ಣಗಾದ ಮೇಲೆ ಇನ್ನೊಂದು ಸಲ ನೋಡಿ, ರಬ್ಬರ್ ಆಗ ಸ್ವಲ್ಪ ಕೂರುತ್ತದೆ. ಬಹಳ ಯೂನಿಯನ್‌ಗಳಿಗೆ ಬಿಸಿಯ ಮಿತಿ 82 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ. ಗೀಸರ್ ಅದಕ್ಕಿಂತ ಕಡಿಮೆಗೆ ಇಟ್ಟಿರಲಿ.

ಆಮೇಲೆ ಆರು ತಿಂಗಳಿಗೊಮ್ಮೆ ಬರೀ ಕಣ್ಣಲ್ಲಿ ನೋಡಿದರೆ ಸಾಕು. ಜಿಐ ಕಡೆ ಬಿಳಿ ಪುಡಿ ಅಂದರೆ ಸತು ಸವೆಯುತ್ತಿದೆ. ಕೆಂಪು ಕಂದು ಬಣ್ಣ ಬಂದರೆ ಸತು ಮುಗಿದು ಉಕ್ಕು ಶುರುವಾಗಿದೆ. ಬೆಳಿಗ್ಗೆ ಮೊದಲ ಸಲ ನಲ್ಲಿ ಬಿಟ್ಟಾಗ ಒಂದು ಲೋಟ ಕೆಂಪು ನೀರು ಬಂದು ಆಮೇಲೆ ತಿಳಿಯಾದರೆ ರಾತ್ರಿಯೆಲ್ಲಾ ನಿಂತ ನೀರು ಒಳಗೆ ತುಕ್ಕು ಎಬ್ಬಿಸಿದೆ. ತಾಮ್ರದ ಕಡೆ ಹಸಿರು ಕಂಡರೆ ಅದು ಈ ಬ್ಯಾಟರಿಯ ಕೆಲಸ ಅಲ್ಲ, ಹೆಚ್ಚಾಗಿ ಉಳಿದ ಫ್ಲಕ್ಸ್ ಅಥವಾ ಬೆಸುಗೆಯ ಸಣ್ಣ ಸೋರಿಕೆ. ಬಿಳಿ ಪುಡಿ ಕಂಡ ದಿನ ಮೀಟರ್ ತೆಗೆದು ಡಿಸಿ ವೋಲ್ಟ್ ಅಳೆಯಿರಿ. ಸೊನ್ನೆ ಬಂದರೆ ಯೂನಿಯನ್ ಬಿಚ್ಚುವುದಕ್ಕೆ ಹೋಗುವ ಮುಂಚೆ ಎರಡು ಪೈಪ್ ಉದ್ದಕ್ಕೂ ಕ್ಲಾಂಪ್, ತಂತಿ, ಕಬ್ಬಿಣದ ಪಟ್ಟಿ ಏನಾದರೂ ಹೊಸದಾಗಿ ಸೇರಿಕೊಂಡಿದೆಯೇ ಅಂತ ನೋಡಿ.